ಕೈ ಕೂಡಿತು, ಕಥೆಯೂ ಕೂಡಿತು

ಕಳೆದ ಭಾನುವಾರ ಡೊಂಬಿವಲಿಯಲ್ಲಿ, ಕನ್ನಡ ಕಲಿಯಲು ಬರುವ ಮಕ್ಕಳ ಮುಂದೆ ನನ್ನ ಮೊದಲ ಕಥೆ ಓದಿದೆ. ಕೈ ಮುರಿದುಕೊಂಡ ಪುಟ್ಟನ ಕಥೆ. ಪುಟ್ಟ ಯಾರು ಅಂತ ನಮ್ಮ ಬಿಲ್ಡಿಂಗಿನವರಿಗೆಲ್ಲ ಗೊತ್ತು. ಕಾಂಪೌಂಡಿನಲ್ಲಿ ಕ್ಯಾಚ್ ಹಿಡಿಯಲು ಹೋಗಿ ಬಿದ್ದ ನನ್ನ ಮಗನೇ.

ದೊಡ್ಡ ಥ್ಯಾಂಕ್ಸ್ ಮೂರನೇ ಮಹಡಿಯ ಡಾಕ್ಟರಮ್ಮನಿಗೆ. ಮೊದಲು ಬರೆದ ಕಥೆಯಲ್ಲಿ ಪ್ಲಾಸ್ಟರ್ ಒಂದು ಮಾಯದ ಅಂಟು ಆಗಿತ್ತು. ಅವರು ಓದಿ ನಕ್ಕರು. "ಪ್ಲಾಸ್ಟರ್ ಏನೂ ಅಂಟಿಸಲ್ಲ ಕಣ್ರೀ, ಅಲುಗಾಡದ ಹಾಗೆ ಹಿಡ್ಕೊಳ್ಳುತ್ತೆ ಅಷ್ಟೇ. ಕೂಡೋದು ಮೂಳೆನೇ."

ಆಮೇಲೆ ಒಂದು ಹಸಿ ಬೇವಿನ ಕಡ್ಡಿ ಬಗ್ಗಿಸಿ ತೋರಿಸಿದರು. ಒಂದು ಬದಿ ಸೀಳಿತು, ಇನ್ನೊಂದು ಬದಿ ಬರೀ ಬಾಗಿತು. ಮಕ್ಕಳ ಮೂಳೆ ಎಷ್ಟೋ ಸಲ ಹೀಗೇ ಮುರಿಯುತ್ತದಂತೆ. ನನ್ನ ಮಗನದೂ ಹಾಗೇ ಆಗಿತ್ತು. ಸೀಳಿದ ಕಡೆ ಮೊದಲು ರಕ್ತ ಸೇರಿ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಅಲ್ಲಿ ಕಿವಿಯ ತುದಿಯ ಹಾಗೆ ಮೆತ್ತಗಿನ ಸೇತುವೆ ಬೆಳೆಯುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಕೂತು ಗಟ್ಟಿ ಗಂಟಾಗುತ್ತದೆ. ಮೂರನೇ ವಾರದ ಎಕ್ಸ್‌ರೇಯಲ್ಲಿ ಬಿರುಕಿನ ಸುತ್ತ ತೆಳು ಬಿಳಿ ಮಂಜು ಕಂಡಿತು. "ಇದೇ ನಿಮ್ಮ ಅಂಟು" ಎಂದರು. ಕಥೆಯ ನಡುಭಾಗ ಅಲ್ಲೇ ಹುಟ್ಟಿತು.

ಎದುರುಮನೆ ಕಾಕು ದಿನಾ ನಾಚಣಿ ಅಂಬಲಿ ಕಳಿಸಿದರು. ಅದರಿಂದ ಮೂಳೆ ಬೇಗ ಕೂಡುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರೂ ನಾವು ಬಿಡಲಿಲ್ಲ. ರುಚಿಯಾಗಿತ್ತು, ಅಲ್ವಾ!

ನಮ್ಮತ್ತೆಗೆ ಬೇರೆಯೇ ಥ್ಯಾಂಕ್ಸ್ ಹೇಳಬೇಕು. ಮೊದಲೆರಡು ದಿನ ಗಂಟೆಗೊಮ್ಮೆ ಮೊಮ್ಮಗನ ಉಗುರು ಒತ್ತಿ ಬಿಡುತ್ತಿದ್ದರು. ಬೆಳ್ಳಗಾದ ಉಗುರು ಎರಡು ಎಣಿಸುವಷ್ಟರಲ್ಲಿ ಮತ್ತೆ ಕೆಂಪಾಗಬೇಕು. ಆಗದಿದ್ದರೆ, ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಬೆರಳು ನೀಡಿದಾಗ ನೋವು ಜಾಸ್ತಿಯಾದರೆ, ಪ್ಲಾಸ್ಟರ್ ಬಿಗಿಯಾಗಿದೆ ಎಂದು ಅರ್ಥ, ತಕ್ಷಣ ಆಸ್ಪತ್ರೆಗೆ ಓಡಬೇಕು. ತುರಿಕೆಗೆ ಸ್ಕೇಲ್ ತೂರಿಸಲು ಹೋದವನನ್ನು ಹಿಡಿದವರೂ ಅವರೇ. ಒಳಗೆ ಚರ್ಮ ಗೀರಿ ಕೀವಾದರೆ ಯಾರಿಗೂ ಕಾಣುವುದಿಲ್ಲ.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಕೈ ಬಡಕಲಾಗಿತ್ತು, ಚರ್ಮ ಸುಲಿಯುತ್ತಿತ್ತು. ಮಗ ಹೆದರಿಹೋದ. ಕೆಲಸವಿಲ್ಲದೆ ಮಲಗಿದ್ದ ಸ್ನಾಯು ಅದು, ಆಡುತ್ತಾ ಆಡುತ್ತಾ ತುಂಬಿಕೊಳ್ಳುತ್ತದೆ ಎಂದು ಸಮಾಧಾನ ಮಾಡಿದರು. ಬೀಳುವಂಥ ಆಟ ಮಾತ್ರ ಇನ್ನೂ ಕೆಲವು ವಾರ ಬೇಡ, ಹೊಸ ಮೂಳೆ ಮತ್ತೆ ಮುರಿಯಬಹುದು ಎಂದೂ ಹೇಳಿದರು.

ಕಥೆ ಮುಗಿದಾಗ ಒಬ್ಬ ಹುಡುಗಿ ಕೇಳಿದಳು, "ಆ ಗಂಟು ಹಾಗೇ ಇರುತ್ತಾ?" ಇಲ್ಲ ಪುಟ್ಟಿ, ಮೂಳೆಯೊಳಗೇ ಸವೆಸುವ ಕೆಲಸಗಾರರಿದ್ದಾರೆ, ತಿಂಗಳುಗಟ್ಟಲೆ ನುಣುಪು ಮಾಡುತ್ತಾರೆ ಎಂದೆ. ಅಷ್ಟರಲ್ಲಿ ನನ್ನ ಮಗ ತೋಳು ಮೇಲಕ್ಕೇರಿಸಿ, "ಸ್ವಲ್ಪ ಉಳಿದಿದೆ, ಮುಟ್ಟಿ ನೋಡ್ತೀಯಾ?" ಎಂದ. ಸಾಲು ಹನ್ನೊಂದು ಮಕ್ಕಳವರೆಗೆ ಬೆಳೆಯಿತು.