ಭಾನುವಾರದ ಗಂಧಲೇಪ: ಬರುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮುಖಕ್ಕೆ ಗಂಧ ತೇಯ್ದು ಹಚ್ಚಿಕೊಳ್ಳಲು ನಮ್ಮ ಮನೆಯ ಜಗಲಿಯಲ್ಲಿ ಸೇರುತ್ತಿದ್ದೇವೆ. ಸಾಣೆಕಲ್ಲು, ಗಂಧದ ಕೊರಡು, ಪನ್ನೀರು ನನ್ನ ಬಳಿ ಇವೆ. ಅಂಗಡಿಯ ಗಂಧದ ಪುಡಿ ತರಬೇಡಿ. ಅಗ್ಗದ ಪುಡಿಯಲ್ಲಿ ಬೇರೆ ಮರದ ಹೊಟ್ಟು, ಸುಗಂಧ ಬೆರೆತಿರಬಹುದು. ಮೂಗಿಗೆ ರಪ್ಪನೆ ಹೊಡೆಯುವ ಪರಿಮಳ ಇದ್ದರೆ ಅನುಮಾನಿಸಿ. ತೇಯ್ದ ಗಂಧದ ವಾಸನೆ ಮೆಲ್ಲಗಿರುತ್ತದೆ, ಬಹಳ ಹೊತ್ತು ಉಳಿಯುತ್ತದೆ.

ಒಬ್ಬರಿಗೆ ಎರಡು ಚಮಚ ಗಂಧ ಸಾಕು. ಕಲ್ಲಿನ ಮೇಲೆ ಪನ್ನೀರನ್ನು ಹನಿ ಹನಿಯಾಗಿ ಬಿಟ್ಟು ತೇಯಬೇಕು. ಒಮ್ಮೆಲೇ ಸುರಿದರೆ ಲೇಪ ನೀರಾಗಿ ಕುತ್ತಿಗೆಗೆ ಇಳಿಯುತ್ತದೆ.

ಎಣ್ಣೆ ಚರ್ಮದವರಿಗೆ ಈ ಲೇಪ ಚೆನ್ನಾಗಿ ಒಗ್ಗುತ್ತದೆ. ಹಣೆ, ಮೂಗು ಮಾತ್ರ ಜಿಡ್ಡಾಗುವವರು ಅಲ್ಲಿಗಷ್ಟೇ ಹಚ್ಚಿಕೊಳ್ಳಲಿ. ಒಣ ಚರ್ಮದವರು ಪನ್ನೀರಿನ ಬದಲು ಹಾಲಿನಲ್ಲಿ ತೇಯ್ದು, ಸ್ವಲ್ಪ ಕೆನೆ ಬೆರೆಸಿಕೊಳ್ಳಬೇಕು. ಕಳೆದ ಸಲ ಒಣ ಚರ್ಮದ ಸದಸ್ಯೆಯೊಬ್ಬರು ಹರಟೆಯಲ್ಲಿ ಮೈಮರೆತು ಲೇಪ ಬಿರುಕು ಬಿಡುವವರೆಗೂ ಕುಳಿತರು. ತೊಳೆದಾಗ ಕೆನ್ನೆ ಉರಿಯಿತು, ಸಂಜೆಗೆ ಸಿಪ್ಪೆ ಎದ್ದಿತು. ತಪ್ಪು ಗಂಧದ್ದಲ್ಲ, ಹೊತ್ತಿನದು. ಹತ್ತು ನಿಮಿಷಕ್ಕೆ, ಇನ್ನೂ ತುಸು ಹಸಿಯಿರುವಾಗಲೇ, ಉಜ್ಜದೆ ತೊಳೆಯಿರಿ.

ಬೇಗ ಕೆಂಪಾಗುವ ಚರ್ಮದವರಿಗೆ ಗಂಧವೂ ತುರಿಕೆ ತರಬಹುದು. ಅದಕ್ಕಾಗಿ ಗುರುವಾರ ಸಂಜೆ ಬಂದು ಚಿಟಿಕೆಯಷ್ಟು ಗಂಧ ಒಯ್ಯಿರಿ. ಮೊಣಕೈ ಒಳಬದಿಗೆ ಹಚ್ಚಿ ತೊಳೆದು, ಎರಡು ದಿನ ಗಮನಿಸಿ. ಕೆರೆತ ಕಂಡರೆ ಮುಖಕ್ಕೆ ಬೇಡ. ಕೀವು ತುಂಬಿದ ಮೊಡವೆ ಅಥವಾ ಗಾಯ ಇರುವವರು ಕಾಫಿಗೆ ಬನ್ನಿ, ಲೇಪಕ್ಕೆ ಬೇಡ.

ಬರುವವರು ಹೆಸರಿನ ಜೊತೆ ‘ಎಣ್ಣೆ’, ‘ಒಣ’ ಅಥವಾ ‘ಮಿಶ್ರ’ ಎಂದು ಬುಧವಾರದೊಳಗೆ ಇಲ್ಲಿಯೇ ಬರೆಯಿರಿ. ಹಾಲು ಎಷ್ಟು ತರಿಸಬೇಕೆಂದು ಅದರಿಂದಲೇ ತಿಳಿಯಬೇಕು.