ತಪ್ಪು ದಾಖಲೆ ಸೇರಿಸಿದ ಅರ್ಜಿಗೆ ತಿರಸ್ಕಾರವೊಂದೇ ದಾರಿಯೇ?

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಕೊಡಗು ಜಿಲ್ಲೆ, ಮಡಿಕೇರಿ

ನಮಸ್ಕಾರ ಸರ್.

ನಾನು ನಾಪೋಕ್ಲು ಕಡೆಯವನು. ಓದಲು ಬರೆಯಲು ಕಷ್ಟ ಆಗುವ ಹಿರಿಯರಿಗೆ ಅರ್ಜಿ ತುಂಬಿಕೊಡುವುದು, ನಾಡಕಚೇರಿಗೆ ಅವರ ಜೊತೆ ಹೋಗುವುದು ನನಗೆ ಹಳೆಯ ಅಭ್ಯಾಸ. ಈ ಪತ್ರ ಒಂದೇ ಒಂದು ವಿಷಯಕ್ಕೆ. ಅರ್ಜಿ ಸಲ್ಲಿಸಿ ಆಯ್ತು, ಆಮೇಲೆ ನೋಡಿದರೆ ಬೇರೆ ಯಾವುದೋ ದಾಖಲೆ ಅಪ್‌ಲೋಡ್ ಆಗಿದೆ. ಅಥವಾ ದಿನಾಂಕ ಹೆಚ್ಚುಕಮ್ಮಿ ಆಗಿದೆ. ಆಗ ಏನು ಮಾಡಬೇಕು?

ಈಗ ಸಿಗುವ ಉತ್ತರ: "ರಿಜೆಕ್ಟ್ ಆಗಲಿ, ಮತ್ತೆ ಹಾಕಿ." ಈ ಉತ್ತರ ಬದಲಾಗಬೇಕು ಅಂತ ಕೇಳುತ್ತಿದ್ದೇನೆ. ಯಾಕೆ ಅಂತ ಒಂದು ಪ್ರಕರಣದ ಮೂಲಕ ಹೇಳುತ್ತೇನೆ. ಕಚೇರಿಯ ಹೆಸರು ಬೇಡ. ಅಲ್ಲಿನವರು ನಿಯಮ ಮೀರಿಲ್ಲ.

ನಮ್ಮ ಕಡೆಯ ಒಬ್ಬ ಹುಡುಗ, ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಬೇಕು ಅಂತ ವಂಶವೃಕ್ಷಕ್ಕೆ ಅರ್ಜಿ ಹಾಕಿದ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಹೊಸತಲ್ಲ. ಒಕ್ಕದ ಹೆಸರು ಹೇಗೂ ಒಂದೇ. ಹಾಗಾಗಿ ಹುಡುಗನ ಅಪ್ಪನಿಗೂ ಅಪ್ಪನ ಅಜ್ಜನಿಗೂ ಮನೆಹೆಸರು ಸೇರಿದಂತೆ ಪೂರ್ತಿ ಹೆಸರು ಒಂದೇ. ಇಬ್ಬರ ಮರಣ ಪ್ರಮಾಣಪತ್ರವೂ ಮೊಬೈಲಿನ ಒಂದೇ ಫೋಲ್ಡರಿನಲ್ಲಿತ್ತು. ಅಪ್ಪನದು ಹೋಗಬೇಕಾದ ಜಾಗಕ್ಕೆ ಮುತ್ತಜ್ಜನದು ಹೋಯಿತು. ಮರುದಿನ ಬೆಳಿಗ್ಗೆಯೇ ಅವನಿಗೆ ಗೊತ್ತಾಯಿತು. ಸ್ವೀಕೃತಿ ಚೀಟಿ ಹಿಡಿದು ಕಚೇರಿಗೆ ಓಡಿದ. ಅರ್ಜಿಯನ್ನು ಇನ್ನೂ ಯಾರೂ ತೆರೆದಿರಲಿಲ್ಲ. ಆದರೆ ಕೌಂಟರಿನವರ ಮಾತು, "ಅಧಿಕಾರಿಯ ಲಾಗಿನ್‌ಗೆ ಹೋಗಿಬಿಟ್ಟಿದೆ, ನಾವು ಮುಟ್ಟೋಕೆ ಆಗಲ್ಲ."

ಆಮೇಲೆ ನಡೆದದ್ದು ನೋಡಿ. ಅರ್ಜಿ ತನ್ನ ಪಾಡಿಗೆ ಮುಂದೆ ಹೋಯಿತು. ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದರು. ಅಕ್ಕಪಕ್ಕದವರನ್ನು ಕೇಳಿ ಮಹಜರು ಬರೆದರು. ಯಾರು ತೀರಿಕೊಂಡದ್ದು, ಮಕ್ಕಳು ಎಷ್ಟು, ಹೆಣ್ಣುಮಕ್ಕಳು ಎಲ್ಲಿದ್ದಾರೆ, ಎಲ್ಲವೂ ಸರಿಯಾಗಿಯೇ ದಾಖಲಾಯಿತು. ವಾಪಸ್ ಹೋಗಿ ಸ್ಕ್ರೀನಿನಲ್ಲಿ ದಾಖಲೆ ತೆರೆದರೆ ಮರಣದ ವರ್ಷವೇ ಬೇರೆ. "ದಾಖಲೆ ಹೊಂದಾಣಿಕೆಯಾಗುತ್ತಿಲ್ಲ" ಎಂಬ ಷರಾದೊಂದಿಗೆ ಅರ್ಜಿ ತಿರಸ್ಕಾರವಾಯಿತು. ಹುಡುಗ ಮತ್ತೆ ಅರ್ಜಿ ಹಾಕಿದ. ಅದೇ ಅಧಿಕಾರಿ ಅದೇ ಮನೆಗೆ ಮತ್ತೆ ಬಂದರು. ಕಾಫಿ ಕುಯ್ಲಿನ ಸಮಯದಲ್ಲಿ ಅದೇ ನೆರೆಯವರು ಕೆಲಸ ಬಿಟ್ಟು ಬಂದು ಅದೇ ಮಾತು ಹೇಳಿ ಸಹಿ ಹಾಕಿದರು.

ಇಲ್ಲಿ ಹುಡುಗನ ಸಮಯ ಮಾತ್ರ ಹಾಳಾಗಲಿಲ್ಲ, ನಿಮ್ಮ ಸಿಬ್ಬಂದಿಯದೂ ಹಾಳಾಯಿತು. ಆದರೆ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಅವಧಿಯೊಳಗೆ ಸೇವೆ ಕೊಡಬೇಕು ಎನ್ನುವ ಸಕಾಲ ಕಾಯ್ದೆಯ ಲೆಕ್ಕದಲ್ಲಿ ತಿರಸ್ಕಾರವೂ ಒಂದು ವಿಲೇವಾರಿಯೇ. ಮೊದಲ ಅರ್ಜಿ ಅವಧಿಯೊಳಗೆ ಮುಗಿಯಿತು, ಎರಡನೆಯದೂ ಅವಧಿಯೊಳಗೆ ಮುಗಿಯಿತು. ಹೊಸ ಸಂಖ್ಯೆ ಬಂದ ಕೂಡಲೇ ದಿನದ ಎಣಿಕೆ ಸೊನ್ನೆಯಿಂದ ಶುರು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಅಂತ ಕಾಯ್ದೆಯಲ್ಲಿದೆಯಲ್ಲ, ಅದೂ ಇಲ್ಲಿಗೆ ಬರುವುದಿಲ್ಲ. ಮೇಲ್ಮನವಿ ಹಾಕಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಕಡತದಲ್ಲಿ ಇದ್ದದ್ದನ್ನು ನೋಡಿ ತಿರಸ್ಕರಿಸಿದ ಅಧಿಕಾರಿಯದು ಸರಿಯೇ ತಾನೇ?

ದಿನಾಂಕದ ತಪ್ಪು ಇನ್ನೂ ಮೋಸದ್ದು, ಯಾಕೆಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಕೆಲವು ಫೋನುಗಳಲ್ಲಿ, ಬ್ರೌಸರುಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರುವ ಹಾಗೆ ಸೆಟ್ಟಿಂಗ್ ಇರುತ್ತದೆ. ಆಗಸ್ಟ್ 5ರಂದು ತೀರಿಕೊಂಡವರಿಗೆ 05/08 ಅಂತ ಹೊಡೆದರೆ ಅದು ಮೇ 8 ಆಗಿ ಕೂರುತ್ತದೆ. ತಾರೀಖು 13 ಅಥವಾ ಅದಕ್ಕಿಂತ ಮೇಲಿದ್ದರೆ ಹೀಗೆ ಆಗುವುದಿಲ್ಲ. 13ನೇ ತಿಂಗಳೇ ಇಲ್ಲವಲ್ಲ, ತಂತ್ರಾಂಶ ಅಲ್ಲೇ ತಡೆಯುತ್ತದೆ. ತಾರೀಖು 12ರ ಒಳಗಿದ್ದರೆ ತಡೆಯುವವರು ಯಾರೂ ಇಲ್ಲ. ಲೆಕ್ಕ ಹಾಕಿದರೆ ವರ್ಷಕ್ಕೆ 132 ದಿನಗಳು ಹೀಗೆ ಸದ್ದಿಲ್ಲದೆ ಅದಲುಬದಲಾಗಬಹುದು.

ಇದನ್ನು ಹಿಡಿಯಲು ಒಂದು ಸುಲಭ ದಾರಿ ಇದೆ. ಮರಣ ಪ್ರಮಾಣಪತ್ರದಲ್ಲಿ ಸಾವಿನ ದಿನಾಂಕದ ಜೊತೆ ನೋಂದಣಿಯ ದಿನಾಂಕವೂ ಇರುತ್ತದೆ. ಸಾವನ್ನು 21 ದಿನದೊಳಗೆ ತಿಳಿಸಬೇಕು ಎನ್ನುವುದು ನಿಯಮ. ಆಗಸ್ಟ್ 12ಕ್ಕೆ ನೋಂದಣಿ ಆಗಿದೆ, ಅರ್ಜಿಯಲ್ಲಿ ಸಾವು ಮೇ 8ಕ್ಕೆ ಅಂತಿದೆ ಅಂದರೆ ಮೂರು ತಿಂಗಳ ಅಂತರ. ತಡವಾದ ನೋಂದಣಿ ಅಲ್ಲದಿದ್ದರೆ ದಿನ ತಿಂಗಳು ಅದಲುಬದಲಾಗಿದೆ ಅಂತಲೇ ಅರ್ಥ. ಇನ್ನು ನೋಂದಣಿ ಆದಮೇಲೆ ಸಾವು ಅಂತ ಅರ್ಜಿಯಲ್ಲಿ ಬಂದರೆ ಅನುಮಾನವೇ ಬೇಡ. ಅರ್ಜಿ ತುಂಬುವವರು, ತೆರೆದು ನೋಡುವವರು ಇಬ್ಬರೂ ಈ ಎರಡು ದಿನಾಂಕ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಸರ್, ತಿದ್ದುಪಡಿ ಅಂದರೆ ಕಡತ ತಿರುಚುವುದು ಎಂಬ ಭಯ ನಿಮ್ಮ ಕಚೇರಿಗಳಲ್ಲಿದೆ. ಅದು ಸುಮ್ನೆ ಬಂದ ಭಯ ಅಲ್ಲ. ಆದರೆ ಇದಕ್ಕೆ ಪರಿಹಾರ ಕಾನೂನಿನಲ್ಲೇ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ನೋಡಿ. ರಿಜಿಸ್ಟರಿನಲ್ಲಿ ತಪ್ಪು ನಮೂದಾಗಿದೆ ಅಂತ ಖಾತ್ರಿಯಾದರೆ ನೋಂದಣಾಧಿಕಾರಿ ಅದನ್ನು ಸರಿಪಡಿಸಬಹುದು. ಆದರೆ ಮೂಲ ಬರಹವನ್ನು ಅಳಿಸುವಂತಿಲ್ಲ. ಪಕ್ಕದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ, ದಿನಾಂಕ ಹಾಕಬೇಕು. ತಪ್ಪೂ ಕಾಣುತ್ತದೆ, ಸರಿಯೂ ಕಾಣುತ್ತದೆ, ಯಾರು ಯಾವಾಗ ತಿದ್ದಿದರು ಅನ್ನುವುದೂ ಕಾಣುತ್ತದೆ. ಹಳ್ಳಿಗಳಲ್ಲಿ ವರ್ಷಗಟ್ಟಲೆ ಈ ನೋಂದಣಾಧಿಕಾರಿ ಆಗಿದ್ದವರು ಗ್ರಾಮ ಲೆಕ್ಕಿಗರೇ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿಗಳೇ. ಸಾವಿನ ದಾಖಲೆಯನ್ನೇ ಅಂಚಿನಲ್ಲಿ ತಿದ್ದುವ ಅಧಿಕಾರ ಇದ್ದವರಿಗೆ, ಆ ದಾಖಲೆಯ ತಪ್ಪು ಪ್ರತಿ ಬಂದಾಗ ಸರಿಯಾದದ್ದನ್ನು ಪಕ್ಕಕ್ಕೆ ಸೇರಿಸುವ ದಾರಿ ಇಲ್ಲ ಅಂದರೆ ವಿಚಿತ್ರ ಅಲ್ವಾ?

ತಂತ್ರಾಂಶ ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ, ಅದು ಬೆಂಗಳೂರಿನಲ್ಲಿ ಆಗುವ ಕೆಲಸ. ಆದ್ದರಿಂದ ಜಿಲ್ಲೆಯ ಮಟ್ಟದಲ್ಲಿ ಒಂದು ಸುತ್ತೋಲೆಯಲ್ಲಿ ಆಗುವಂಥದ್ದನ್ನು ಮಾತ್ರ ಕೇಳುತ್ತೇನೆ.

ತಪ್ಪು ಗೊತ್ತಾದ ಅರ್ಜಿದಾರರು ಬಿಳಿಹಾಳೆಯಲ್ಲಿ ತಿದ್ದುಪಡಿ ಪತ್ರ ತಂದರೆ ಟಪಾಲಿನಲ್ಲಿ ತೆಗೆದುಕೊಳ್ಳಲು ಎಲ್ಲ ನಾಡಕಚೇರಿಗಳಿಗೂ ಹೇಳಿ. ಪತ್ರದಲ್ಲಿ ಜಾಸ್ತಿ ಏನೂ ಬೇಡ. "ಆರ್‌ಡಿ ಇಂಥ ಸಂಖ್ಯೆಯ ವಂಶವೃಕ್ಷದ ಅರ್ಜಿಯನ್ನು ಇಂಥ ದಿನ ಸಲ್ಲಿಸಿದ್ದೇನೆ. ಮರಣ ಪ್ರಮಾಣಪತ್ರದ ಜಾಗದಲ್ಲಿ ಅದೇ ಹೆಸರಿನ ನನ್ನ ಮುತ್ತಜ್ಜನ ಪ್ರಮಾಣಪತ್ರ ಸೇರಿದೆ. ನನ್ನ ತಂದೆಯ ಪ್ರಮಾಣಪತ್ರ ಇದರ ಜೊತೆ ಇಟ್ಟಿದ್ದೇನೆ, ನೋಂದಣಿ ಸಂಖ್ಯೆ ಇಂಥದ್ದು. ಅರ್ಜಿಯ ಬೇರೆ ವಿವರಗಳಲ್ಲಿ ಬದಲಾವಣೆ ಇಲ್ಲ." ಇಷ್ಟು ಸಾಕು. ಎರಡು ಪ್ರತಿ ತರಲಿ. ಒಂದರ ಮೇಲೆ ಸೀಲು, ದಿನಾಂಕ ಹಾಕಿ ವಾಪಸ್ ಕೊಡಲಿ. ಗ್ರಾಮ ಆಡಳಿತ ಅಧಿಕಾರಿ ಮಹಜರಿಗೆ ಹೋಗುವಾಗ ಈ ಪತ್ರ ಅವರ ಕೈಯಲ್ಲಿರಲಿ, ವರದಿಯಲ್ಲಿ ಅದರ ಪ್ರಸ್ತಾಪ ಇರಲಿ.

ಅರ್ಜಿದಾರರಿಗೇ ವಾಪಸ್ ಕಳಿಸಿ ಸರಿಯಾದ ದಾಖಲೆ ಕೇಳುವ ಸೌಲಭ್ಯ ಸೇವಾ ಸಿಂಧುವಿನ ಕೆಲವು ಸೇವೆಗಳಲ್ಲಿ ಇದೆ. ಎಲ್ಲೆಲ್ಲಿ ಇದೆಯೋ ಅಲ್ಲಿ ಮೊದಲು ಅದನ್ನು ಬಳಸಿ, ಆಮೇಲೆ ತಿರಸ್ಕಾರದ ಮಾತು ಅಂತ ಸೂಚನೆ ಕೊಡಿ. ಹೀಗೆ ವಾಪಸ್ ಬಂದರೆ ಸಂಖ್ಯೆ ಅದೇ ಇರುತ್ತದೆ. ಕೊನೆಯ ದಿನಾಂಕ ಇರುವ ಯೋಜನೆಗಳಲ್ಲಿ ಇದು ದೊಡ್ಡ ವಿಷಯ. ಮೊದಲ ಅರ್ಜಿ ಸಮಯಕ್ಕೆ ಸರಿಯಾಗಿ ಹಾಕಿದ್ದರೂ ಎರಡನೆಯದು ಗಡುವು ದಾಟಿಬಿಡುತ್ತದೆ.

ಎಲ್ಲವನ್ನೂ ಪತ್ರದಲ್ಲೇ ತಿದ್ದಬೇಕು ಅಂತ ನಾನು ಹೇಳುತ್ತಿಲ್ಲ. ನೋಟರಿ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್‌ನಲ್ಲೇ ದಿನಾಂಕ ತಪ್ಪಿದ್ದರೆ ಹೊಸ ಅಫಿಡವಿಟ್ಟೇ ಬೇಕು, ಪೆನ್ನಿನಲ್ಲಿ ಗೀಚುವಂತಿಲ್ಲ. ವಾರಸುದಾರರ ಹೆಸರು ಸೇರಿಸುವುದು, ತೆಗೆಯುವುದು ತಿದ್ದುಪಡಿಯೇ ಅಲ್ಲ. ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಅಕ್ಕನ ಹೆಸರನ್ನು "ಟೈಪಿಂಗ್ ತಪ್ಪು" ಅಂತ ತೆಗೆಸಲು ನೋಡುವವರು ನಮ್ಮಲ್ಲೂ ಇದ್ದಾರೆ. ಅಂಥದ್ದಕ್ಕೆ ಹೊಸ ಅರ್ಜಿ, ಹೊಸ ವಿಚಾರಣೆ ಆಗಲೇಬೇಕು. ಪೌತಿ ಖಾತೆಯಲ್ಲಿ ಆಕ್ಷೇಪಣೆಗೆ ನೋಟಿಸು ಹೊರಟ ಮೇಲೆ ಅದರಲ್ಲಿರುವ ವಿವರವೇ ತಪ್ಪು ಅಂತ ಗೊತ್ತಾದರೂ ಹಾಗೆಯೇ. ಜನ ನೋಡಿದ್ದು ಒಂದು, ಖಾತೆ ಆಗುವುದು ಇನ್ನೊಂದು ಆಗಬಾರದು, ನೋಟಿಸು ಮತ್ತೆ ಹೊರಡಬೇಕು. ಪ್ರಮಾಣಪತ್ರಕ್ಕೆ ಡಿಜಿಟಲ್ ಸಹಿ ಬಿದ್ದಮೇಲೂ ಅದರೊಳಗೆ ಕೈಯಾಡಿಸಲು ಆಗುವುದಿಲ್ಲ. ನಾನು ಕೇಳುತ್ತಿರುವುದು ಇದಕ್ಕೆಲ್ಲ ಮೊದಲಿನ ಅವಧಿ. ಅರ್ಜಿ ಹೋಗಿದೆ, ತೀರ್ಮಾನ ಆಗಿಲ್ಲ, ತಪ್ಪು ಯಾರ ಹಕ್ಕನ್ನೂ ಮುಟ್ಟುವುದಿಲ್ಲ.

ಇನ್ನೊಂದು ಸೂಚನೆ ಕೌಂಟರಿನವರಿಗೂ ಜನರಿಗೂ ಬೇಕು. ಮೊದಲ ಅರ್ಜಿ ಬಾಕಿ ಇರುವಾಗ ಗಾಬರಿಯಲ್ಲಿ ಎರಡನೆಯದನ್ನು ಹಾಕಬಾರದು. ಹಾಗೆ ಹಾಕಿದಾಗ ಒಬ್ಬರೇ ಅಧಿಕಾರಿಗೆ ಒಂದೇ ಹೆಸರಿನ, ಬೇರೆ ಬೇರೆ ದಾಖಲೆಯ ಎರಡು ಅರ್ಜಿ ಕಾಣುತ್ತವೆ. ಯಾವುದು ಸರಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಎರಡಕ್ಕೂ ಷರಾ ಬಿದ್ದದ್ದನ್ನು ನಾನು ಕಂಡಿದ್ದೇನೆ.

ಕರಿಕೆಯಂಥ ಕಡೆಯಿಂದ ಬರುವವರಿಗೆ ಭಾಗಮಂಡಲವೇ ದೂರ, ಮಡಿಕೇರಿ ಇನ್ನೂ ದೂರ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಸಿಗ್ನಲ್ ಸಿಕ್ಕಿದ ಹತ್ತು ನಿಮಿಷದಲ್ಲಿ ಅವಸರವಾಗಿ ಅಪ್‌ಲೋಡ್ ಮಾಡುವ ಜನ ಇವರು. ಹಾಗಾಗಿ ತಿದ್ದುಪಡಿ ಪತ್ರವನ್ನು ಅರ್ಜಿದಾರರೇ ಬಂದು ಕೊಡಬೇಕು ಎನ್ನುವ ಷರತ್ತು ಬೇಡ. ಮನೆಯವರ ಕೈಯಲ್ಲಿ, ಅಥವಾ ಊರಿಗೆ ಬಂದ ಗ್ರಾಮ ಆಡಳಿತ ಅಧಿಕಾರಿಯ ಕೈಯಲ್ಲೇ ಕೊಟ್ಟರೂ ನಡೆಯುವಂತಿರಲಿ.

ಸುತ್ತೋಲೆ ಹೊರಡಿಸಿದರೆ ಅದರ ಒಂದು ಪ್ರತಿಯನ್ನು ಪ್ರತಿ ನಾಡಕಚೇರಿಯ ಕೌಂಟರಿನ ಹೊರಗೆ, ಜನರಿಗೆ ಕಾಣುವ ಕಡೆ ಅಂಟಿಸಲು ಹೇಳಬೇಕು ಅಂತ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಾಪೋಕ್ಲು ಕಡೆಯ ಒಬ್ಬ ಅರ್ಜಿ ಬರೆದುಕೊಡುವವ