ಅರ್ಧ ಅಂಕವನ್ನು ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಗಣಿತ ಕಲಿಸುವ ಶಿಕ್ಷಕಿ. ಪಾಠದ ಜೊತೆಗೆ ಅಂತಿಮ ಅಂಕಪಟ್ಟಿ ಸಿದ್ಧಪಡಿಸುವ ಕೆಲಸವೂ ನನ್ನದೇ. ಆ ಪಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳದೆ ನಡೆಯುವ ಒಂದು ಅನ್ಯಾಯವನ್ನು ನಿಮ್ಮ ಗಮನಕ್ಕೆ ತರಬೇಕಾಗಿದೆ. ಅದನ್ನು ಸರಿಪಡಿಸಲು ಹಣ ಬೇಡ, ಸಮಿತಿ ಬೇಡ. ನಿಯಮದಲ್ಲಿ ಎರಡು ಮೂರು ವಾಕ್ಯ ಸೇರಿಸಿದರೆ ಸಾಕು.

'ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೇಲಿನ ಪೂರ್ಣ ಅಂಕಕ್ಕೆ ಏರಿಸಿ' ಎನ್ನುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ನನ್ನ ತಕರಾರು ಆ ಪದ್ಧತಿಯ ಮೇಲಲ್ಲ. ಅದನ್ನು ಯಾವ ಹಂತದಲ್ಲಿ, ಎಷ್ಟು ಸಲ ಬಳಸಬೇಕು ಎಂದು ನಿಯಮ ಹೇಳದೆ ಬಿಟ್ಟರೆ ಏನಾಗುತ್ತದೆ ಎನ್ನುವುದೇ ನನ್ನ ಚಿಂತೆ.

ಒಂದು ವಿಷಯಕ್ಕೆ ಒಟ್ಟು 100 ಅಂಕ ಎಂದುಕೊಳ್ಳಿ. ಎರಡು ಕಿರು ಪರೀಕ್ಷೆಗಳ ಸರಾಸರಿಗೆ 20, ಎರಡು ಪ್ರಾಯೋಗಿಕ ಪರೀಕ್ಷೆಗಳ ಸರಾಸರಿಗೆ 20. ಅಂತಿಮ ಪರೀಕ್ಷೆ 120 ಅಂಕಕ್ಕೆ ನಡೆದು, ಅದರ ಅರ್ಧ, ಅಂದರೆ 60, ಲೆಕ್ಕಕ್ಕೆ ಬರುತ್ತದೆ. ಫಸ್ಟ್ ಕ್ಲಾಸ್‌ಗೆ 60 ಬೇಕು.

ಮೊದಲ ವಿದ್ಯಾರ್ಥಿನಿಗೆ ಕಿರು ಪರೀಕ್ಷೆಗಳಲ್ಲಿ 13 ಮತ್ತು 14 ಬಂದಿದೆ. ಸರಾಸರಿ 13.5, ಪಟ್ಟಿಗೆ ಏರುವುದು 14. ಪ್ರಾಯೋಗಿಕದಲ್ಲಿ 12 ಮತ್ತು 15. ಅದೂ 13.5, ಅದೂ 14 ಆಗುತ್ತದೆ. ಅಂತಿಮ ಪರೀಕ್ಷೆಯಲ್ಲಿ 63, ಅರ್ಧ ಮಾಡಿದರೆ 31.5, ಬರೆಯುವುದು 32. ಒಟ್ಟು 60. ಫಸ್ಟ್ ಕ್ಲಾಸ್.

ಎರಡನೆಯವಳಿಗೆ ಕಿರು ಪರೀಕ್ಷೆಗಳಲ್ಲಿ 14, 14. ಪ್ರಾಯೋಗಿಕದಲ್ಲೂ 14, 14. ಅಂತಿಮ ಪರೀಕ್ಷೆಯಲ್ಲಿ 62, ಅರ್ಧ 31. ರೌಂಡ್ ಮಾಡಲು ಎಲ್ಲೂ ಏನೂ ಇಲ್ಲ. ಒಟ್ಟು 59. ಸೆಕೆಂಡ್ ಕ್ಲಾಸ್.

ಈಗ ರೌಂಡ್ ಮಾಡದೆ ಕೂಡಿ ನೋಡಿ. ಮೊದಲನೆಯವಳಿಗೆ ಬಂದಿರುವುದು 58.5, ಎರಡನೆಯವಳಿಗೆ 59. ಜಾಸ್ತಿ ಅಂಕ ಪಡೆದವಳು ಕೆಳಗಿನ ದರ್ಜೆಯಲ್ಲಿ ಉಳಿದಳು. ಯಾರೂ ತಪ್ಪು ಕೂಡಿಲ್ಲ, ಯಾರೂ ಪಕ್ಷಪಾತ ಮಾಡಿಲ್ಲ. ಮೂರು ಕಡೆ ಅರ್ಧರ್ಧ ಅಂಕ ಸೇರಿ ಒಬ್ಬಳಿಗೆ ಒಂದೂವರೆ ಅಂಕ ಸುಮ್ನೆ ಸಿಕ್ಕಿತು, ಇನ್ನೊಬ್ಬಳಿಗೆ ಏನೂ ಸಿಗಲಿಲ್ಲ, ಅಷ್ಟೇ.

ಇದು ಎಲ್ಲೋ ಅಪರೂಪಕ್ಕೆ ಆಗುವಂಥದ್ದು ಅಂತ ಅನಿಸಬಹುದು. ಹಾಗಲ್ಲ ಸಾರ್. ಎತ್ತರ, ತೂಕ ಅಳೆಯುವಾಗ ಉತ್ತರ ಸರಿಯಾಗಿ ಅರ್ಧಕ್ಕೇ ಬಂದು ನಿಲ್ಲುವುದು ಅಪರೂಪ. ಅಂಕಗಳ ವಿಷಯ ಬೇರೆ. ಎರಡು ಪೂರ್ಣ ಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ಉತ್ತರ ಒಂದೋ ಪೂರ್ಣವಾಗಿರುತ್ತದೆ, ಇಲ್ಲವೇ .5ಕ್ಕೆ ನಿಲ್ಲುತ್ತದೆ. ಮೊತ್ತ ಬೆಸವಾದರೆ ಅರ್ಧ ಅಂಕ ಉಚಿತ, ಸಮವಾದರೆ ಇಲ್ಲ. ತರಗತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಪ್ರತಿ ಸರಾಸರಿಯಲ್ಲೂ ಈ ಕಡೆ ಬೀಳುತ್ತಾರೆ, ಉಳಿದ ಅರ್ಧ ಆ ಕಡೆ.

ಹೀಗಾಗಿ ನಿಯಮ ಪುಸ್ತಕದಲ್ಲಿ 60 ಎಂದು ಒಂದೇ ಗಡಿ ಇದ್ದರೂ ನಿಜದಲ್ಲಿ ನಾಲ್ಕು ಗಡಿಗಳಿವೆ. ಎಲ್ಲೂ .5 ಬಾರದವಳು 60 ಗಳಿಸಲೇಬೇಕು. ಒಂದು ಕಡೆ ಬಂದರೆ 59.5 ಸಾಕು. ಎರಡು ಕಡೆ ಬಂದರೆ 59. ಮೂರೂ ಕಡೆ ಬಂದರೆ 58.5ಕ್ಕೇ ಗಡಿ ದಾಟಬಹುದು.

ಮರುಮೌಲ್ಯಮಾಪನದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅಂತಿಮ ಪರೀಕ್ಷೆಯ 62 ಅಂಕ 63 ಆದರೆ ಪಟ್ಟಿಯಲ್ಲಿ 31 ಇದ್ದದ್ದು 32 ಆಗುತ್ತದೆ. ಆದರೆ 63 ಇದ್ದದ್ದು 64 ಆದರೆ? ಮೊದಲೂ 32, ಆಮೇಲೂ 32. ಶುಲ್ಕ ಕಟ್ಟಿ, ವಾರಗಟ್ಟಲೆ ಕಾದು, ನ್ಯಾಯವಾಗಿ ಒಂದು ಅಂಕ ಗೆದ್ದ ಮಗುವಿಗೆ 'ಬದಲಾವಣೆ ಇಲ್ಲ' ಎಂಬ ಉತ್ತರ ಬರುತ್ತದೆ. ಗೆದ್ದ ಅಂಕ ಎಲ್ಲಿ ಹೋಯಿತು ಅಂತ ಆ ಮಗು ಕೇಳಿದರೆ ನಮ್ಮ ಹತ್ತಿರ ಏನು ಉತ್ತರವಿದೆ?

'ಮೇಲಕ್ಕೆ ತಾನೇ ಏರಿಸುತ್ತಿರುವುದು, ಯಾರಿಗೂ ನಷ್ಟ ಇಲ್ಲವಲ್ಲ' ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಅಂಕಪಟ್ಟಿಯನ್ನು ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಈ ಮಾತು ಸರಿ. ಅದೇ ಪಟ್ಟಿಯಿಂದ ಸೀಟು, ವಿದ್ಯಾರ್ಥಿವೇತನ, ಕೆಲಸದ ಅರ್ಹತೆ ನಿರ್ಧಾರವಾಗುತ್ತವೆ, ಅಲ್ವಾ? ಸೀಟು ಒಂದೇ ಇದ್ದಾಗ ಒಬ್ಬಳಿಗೆ ಸಿಕ್ಕ ಉಚಿತ ಒಂದೂವರೆ ಅಂಕ ಇನ್ನೊಬ್ಬಳ ಕೈಯಿಂದ ಕಿತ್ತುಕೊಂಡದ್ದೇ ಆಗುತ್ತದೆ.

ಇನ್ನು ಕಂಪ್ಯೂಟರ್ ಇದೆ, ಅದು ಸರಿಯಾಗಿಯೇ ಮಾಡುತ್ತದೆ ಎಂಬ ನಂಬಿಕೆಯೂ ಇದೆ. ಪಾಸ್ ಅಂಕ 35, ವಿದ್ಯಾರ್ಥಿಯ ಅಂಕ 34.5 ಎಂದುಕೊಂಡು ಎಕ್ಸೆಲ್‌ನಲ್ಲಿ ಒಮ್ಮೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಮ್ಮೆ ಪರೀಕ್ಷಿಸಿ ನೋಡಿ.

```
Excel:   =ROUND(34.5, 0)   35
Python:  round(34.5)       34
```

ಒಂದರಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್. ಪೈಥಾನ್ ಕೆಟ್ಟುಹೋಗಿಲ್ಲ. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ತರುವುದು ಅದರ ಪದ್ಧತಿ. ಹಾಗಾಗಿ 34.5 ಕೆಳಗಿಳಿದು 34 ಆಗುತ್ತದೆ, 59.5 ಮೇಲೇರಿ 60 ಆಗುತ್ತದೆ. ರಾಶಿ ರಾಶಿ ಸಂಖ್ಯೆಗಳನ್ನು ಕೂಡುವಾಗ ಏರಿದ್ದು ಇಳಿದದ್ದು ಪರಸ್ಪರ ಸರಿಹೋಗಲಿ ಎಂದು ಈ ಪದ್ಧತಿ ಇದೆ, ಅಲ್ಲಿ ಅದು ಒಳ್ಳೆಯದೇ. ಆದರೆ ಒಬ್ಬ ವಿದ್ಯಾರ್ಥಿಯ ಮೂರು ಅಂಕಗಳಲ್ಲಿ ಸರಿಹೋಗಲು ಜಾಗ ಎಲ್ಲಿದೆ? ನಮ್ಮ ಮೊದಲ ವಿದ್ಯಾರ್ಥಿನಿಯ 13.5, 13.5, 31.5 ಈ ಪದ್ಧತಿಯಲ್ಲೂ 14, 14, 32 ಆಗಿಯೇ ಬಿಡುತ್ತವೆ. ಮೇಲಾಗಿ, ಗಡಿ ಸಮಸಂಖ್ಯೆಯಾಗಿದ್ದರೆ ಅರ್ಧ ಅಂಕ ಸಿಗುತ್ತದೆ, ಬೆಸಸಂಖ್ಯೆಯಾಗಿದ್ದರೆ ಸಿಗುವುದಿಲ್ಲ ಎನ್ನುವುದನ್ನು ಪೋಷಕರಿಗೆ ಹೇಗೆ ಹೇಳುವುದು? ಆದ್ದರಿಂದ ಅರ್ಧವನ್ನು ಮೇಲೇರಿಸುವ ಹಳೆಯ ಪದ್ಧತಿಯೇ ಇರಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಬದಲಾಗಬೇಕಾದದ್ದು ಇಷ್ಟು. ಎಲ್ಲ ಭಾಗಗಳ ಅಂಕಗಳನ್ನೂ ಇದ್ದಂತೆಯೇ, ಅರ್ಧದ ಸಮೇತ, ಕೊನೆಯವರೆಗೆ ತರಬೇಕು. ಒಟ್ಟು ಮೊತ್ತವನ್ನು ಒಂದೇ ಒಂದು ಸಲ ರೌಂಡ್ ಮಾಡಬೇಕು. ಹಾಗೆ ಮಾಡಿದರೆ ನಮ್ಮ ಇಬ್ಬರು ವಿದ್ಯಾರ್ಥಿನಿಯರಿಗೂ 59 ಬರುತ್ತದೆ, ಗಡಿ ಎಲ್ಲರಿಗೂ ಒಂದೇ ಆಗುತ್ತದೆ: 59.5. ಅದು 60ರ ಬದಲು 59.5 ಆಗುವುದು ಇಷ್ಟವಿಲ್ಲದಿದ್ದರೆ ದರ್ಜೆಯನ್ನು ರೌಂಡ್ ಮಾಡದ ಮೊತ್ತದ ಮೇಲೆ ಕೊಡಿ, ಅದೂ ನ್ಯಾಯವೇ. ಯಾವುದು ಎಂಬುದನ್ನು ಮಾತ್ರ ಪರೀಕ್ಷೆಗೆ ಮುಂಚೆಯೇ ಬರೆದು ಪ್ರಕಟಿಸಿ.

ಶೇಕಡಾ ಲೆಕ್ಕಕ್ಕೂ ಇದೇ ಮಾತು. 59.45ನ್ನು ಮೊದಲು 59.5 ಮಾಡಿ, ಆಮೇಲೆ 60 ಮಾಡುವ ಅಭ್ಯಾಸ ನಿಲ್ಲಬೇಕು. ನೇರವಾಗಿ ಮಾಡಿದರೆ ಅದು 59.

ಅರ್ಧ ಅಂಕ ಇಟ್ಟುಕೊಳ್ಳುವುದು ಕಷ್ಟ ಎಂದು ನಿಮ್ಮ ತಾಂತ್ರಿಕ ಸಿಬ್ಬಂದಿ ಹೇಳಬಹುದು. ಈ ಉದಾಹರಣೆಯಂಥ ಲೆಕ್ಕವನ್ನು ಅರ್ಧ ಅಂಕಗಳಲ್ಲೇ ಎಣಿಸಬಹುದು. ಮೊದಲನೆಯವಳಿಗೆ 117 ಅರ್ಧಗಳು, ಎರಡನೆಯವಳಿಗೆ 118. ದಶಾಂಶದ ಗೊಡವೆಯೇ ಇಲ್ಲ.

ಕೊನೆಯದಾಗಿ, ಅಂಕಪಟ್ಟಿಯಲ್ಲಿ ರೌಂಡ್ ಮಾಡುವ ಮುಂಚಿನ ಮೊತ್ತಕ್ಕೂ ಒಂದು ಕಾಲಂ ಕೊಡಿ. ಮುಂದಿನ ಪರೀಕ್ಷೆಯ ಸುತ್ತೋಲೆ ಹೊರಡುವ ಮೊದಲೇ ಇದನ್ನು ಸೇರಿಸಿದರೆ ಈ ವರ್ಷದ ಮಕ್ಕಳಿಗೇ ಉಪಯೋಗವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ